ಕೈ ತೊಳ್ಕೊಂಡ್ರೆ ‘ಮೀರ್’, ಕೂತ್ಕೊಂಡ್ರೆ ‘ಮಿಶ್’

ಹಾಸನದಲ್ಲಿ ನರ್ಸಿಂಗ್ ಮುಗಿಸಿ ಜರ್ಮನಿ ಕಡೆ ಹೊರಡಬೇಕೆಂದು ಜರ್ಮನ್ ಕಲಿಯುವವರ ನೋಟ್‌ಬುಕ್ ತೆರೆದರೆ, ಎ1 ಎಂಬ ಮೊದಲ ಹಂತ ದಾಟುವ ಹೊತ್ತಿಗೆ ಒಂದು ಪುಟ ಕೆಂಪು ಶಾಯಿಯಿಂದ ತುಂಬಿರುತ್ತದೆ. ಅದು ‘ನನ್ನ ದಿನಚರಿ’ ಎಂಬ ಪುಟ. ಏಳುವುದು, ಹಲ್ಲುಜ್ಜುವುದು, ಬಟ್ಟೆ ಹಾಕಿಕೊಳ್ಳುವುದು, ಬಸ್ ಹಿಡಿಯುವುದು ಎಲ್ಲ ಗೊತ್ತಿರುವ ವಿಷಯವೇ, ಪದಗಳೂ ಬಾಯಿಪಾಠ ಆಗಿರುತ್ತವೆ. ಎಡವುವುದು ಎರಡು ಪುಟಾಣಿ ಪದಗಳಲ್ಲಿ: ‘ಮಿಶ್’ ಮತ್ತು ‘ಮೀರ್’. ಮೊದಲನೆಯದು ನಮ್ಮ ‘ನನ್ನನ್ನು’, ಅಂದರೆ ದ್ವಿತೀಯಾ ವಿಭಕ್ತಿ. ಎರಡನೆಯದು ‘ನನಗೆ’, ಚತುರ್ಥಿ. ಕ್ರಿಯೆ ಮಾಡುವವರ ಮೇಲೆಯೇ ಅದು ತಿರುಗಿ ಬಂದಾಗ ಜರ್ಮನ್‌ನಲ್ಲಿ ಇವೆರಡರಲ್ಲಿ ಒಂದನ್ನು ವಾಕ್ಯದಲ್ಲಿ ಇಡಲೇಬೇಕು.

(ಉಚ್ಚಾರಣೆ ಬಗ್ಗೆ ಒಂದು ಮಾತು. ಇಲ್ಲಿ ‘ನಾನು’ ಎಂಬ ಅರ್ಥದ ‘ಇಶ್’ ಮತ್ತು ‘ಮಿಶ್’ ಎಂದು ಬರೆದಿರುವುದು ಕಿವಿಗೆ ಹತ್ತಿರ ಇರಲಿ ಎಂದಷ್ಟೆ. ಕೊನೆಯ ಸದ್ದು ನಮ್ಮ ‘ಶ್’ಗಿಂತ ಸ್ವಲ್ಪ ಮೆತ್ತಗೆ, ನಾಲಿಗೆ ಅಂಗುಳದ ಹತ್ತಿರ ಬಂದು ಗಾಳಿ ಬಿಟ್ಟ ಹಾಗೆ.)

ಮೂಲ ವಿಷಯ ಎರಡು ವಾಕ್ಯದಲ್ಲಿ ಇದೆ. ‘ಇಶ್ ವಾಶೆ ಮಿಶ್’ ಅಂದರೆ ನಾನು ಮೈ ಕೈ ತೊಳ್ಕೊತೀನಿ, ಒಟ್ಟಾರೆ ನನ್ನನ್ನು ತೊಳೆದುಕೊಳ್ಳುತ್ತೇನೆ. ‘ಇಶ್ ವಾಶೆ ಮೀರ್ ಡೀ ಹೆಂಡೆ’ ಅಂದರೆ ಕೈ ತೊಳ್ಕೊತೀನಿ. ಕ್ರಿಯಾಪದ ಅದೇ, ತೊಳೆಯುವವರೂ ಅವರೇ. ಬದಲಾದದ್ದು ಒಂದೇ: ಎರಡನೇ ವಾಕ್ಯದಲ್ಲಿ ಏನು ತೊಳೆಯುತ್ತಿದ್ದೇವೆ ಎಂದು ಹೆಸರಿಟ್ಟು ಹೇಳಿದ್ದೇವೆ. ‘ವಾಶೆನ್’ ಎಂಬ ಕ್ರಿಯಾಪದದ ಪಕ್ಕ ದ್ವಿತೀಯೆಗೆ ಒಂದೇ ಸೀಟು ಇರುವುದು. ಬೇರೆ ಯಾರೂ ಇಲ್ಲದಿದ್ದರೆ ಅಲ್ಲಿ ‘ನಾನು’ ಕೂರಬಹುದು, ಆಗ ‘ಮಿಶ್’. ‘ಕೈ’ ಬಂದು ಕೂತರೆ ನಾನು ಎದ್ದು ಚತುರ್ಥಿಗೆ ಹೋಗಬೇಕು, ಆಗ ‘ಮೀರ್’. ಆ ‘ಮೀರ್’ ಕೆಲಸ ಯಾರಿಗೆ ತಟ್ಟಿತು, ಕೈ ಯಾರದ್ದು ಎಂಬುದನ್ನು ಹೇಳುತ್ತದೆ. ಹಾಗಾಗಿ ‘ನನ್ನ ಕೈ’ ಎಂದು ಮತ್ತೆ ಹೇಳುವ ಅಗತ್ಯ ಇಲ್ಲ, ಬರೀ ‘ಡೀ ಹೆಂಡೆ’ ಸಾಕು.

ನಿಯಮ ಇಷ್ಟೇ. ಹಾಗಿದ್ದರೂ ತಪ್ಪುವುದು ಯಾಕೆ? ನಮ್ಮಲ್ಲಿ ಹೆಚ್ಚಿನವರು ಜರ್ಮನ್ ಕಲಿಯುವುದು ಇಂಗ್ಲಿಷ್ ದಾರಿಯಲ್ಲಿ. ಮನಸ್ಸಿನಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಿ, ಅದನ್ನು ಜರ್ಮನ್‌ಗೆ ತಿರುಗಿಸುತ್ತಾರೆ. ಇಂಗ್ಲಿಷಿನವರು ‘ನನ್ನ ಕೈಗಳನ್ನು ತೊಳೆಯುತ್ತೇನೆ’ ಅನ್ನುತ್ತಾರೆ, ಅದರಿಂದ ‘ಇಶ್ ವಾಶೆ ಮೈನೆ ಹೆಂಡೆ’ ಹುಟ್ಟುತ್ತದೆ. ಜರ್ಮನರಿಗೆ ಅರ್ಥವಾಗುತ್ತದೆ, ಆದರೆ ಅವರು ಸಹಜವಾಗಿ ಹಾಗೆ ಹೇಳುವುದಿಲ್ಲ. ನಾವೂ ಹಾಗೆ ಹೇಳುವುದಿಲ್ಲ! ಊಟಕ್ಕೆ ಕೂರುವ ಮುಂಚೆ ಹಾಸನದ ಯಾವ ಮನೆಯಲ್ಲೂ ‘ನಿನ್ನ ಕೈಯನ್ನು ತೊಳೆ’ ಅನ್ನುವುದಿಲ್ಲ. ‘ಕೈ ತೊಳ್ಕಂಡ್ ಬಾ’ ಅನ್ನುತ್ತಾರೆ. ಯಾರ ಕೈ ಅನ್ನುವುದನ್ನು ಆ ‘ಕೊ’ ಹೇಳಿಬಿಡುತ್ತದೆ. ಜರ್ಮನ್ ‘ಮೀರ್’ ಮಾಡುವ ಕೆಲಸವೂ ಅದೇ. ಅಂದರೆ ಈ ಒಂದು ವಿಷಯದಲ್ಲಿ ಕನ್ನಡ ಜರ್ಮನ್‌ಗೆ ಇಂಗ್ಲಿಷಿಗಿಂತ ಹತ್ತಿರ. ‘ಕಾಲು ಮುರ್ಕೊಂಡೆ’ ಅನ್ನುವುದನ್ನು ನೋಡಿ: ‘ಇಶ್ ಹಾಬೆ ಮೀರ್ ಡಾಸ್ ಬೈನ್ ಗೆಬ್ರೊಖೆನ್.’ ಮುರಿದದ್ದು ಕಾಲು, ‘ಕೊಂಡೆ’ ಇದ್ದ ಕಡೆ ‘ಮೀರ್’. ‘ನೆನಪಿಟ್ಕೋ’ ಅಂದರೆ ‘ಮೆರ್ಕ್ ಡೀರ್ ಡಾಸ್’. ‘ತಲೆ ಕೆಡಿಸ್ಕೋಬೇಡ’ ಅಂದರೆ ‘ಮಾಖ್ ಡೀರ್ ಕೈನೆ ಜ಼ೋರ್ಗೆನ್’. ನಾವು ಕೆಡಿಸಿಕೊಳ್ಳುವುದು ತಲೆ, ಅವರು ಮಾಡಿಕೊಳ್ಳುವುದು ಚಿಂತೆ; ವಾಕ್ಯದ ಕಟ್ಟು ಮಾತ್ರ ಒಂದೇ.

ಹಾಗೆಂದು ‘ಕೊ’ ಕಂಡಲ್ಲೆಲ್ಲ ‘ಮೀರ್’ ಹಾಕುವ ಹಾಗೂ ಇಲ್ಲ. ‘ಕೂತ್ಕೊಂಡೆ’ಯಲ್ಲೂ ‘ಕೊ’ ಇದೆ, ಅದು ‘ಮಿಶ್’. ನಮ್ಮ ‘ಕೊಳ್ಳು’ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ಅದಕ್ಕೆ ವಿಭಕ್ತಿಯೇ ಇಲ್ಲ. ‘ನನ್ನನ್ನು’ ಅನ್ನಬೇಕೋ ‘ನನಗೆ’ ಅನ್ನಬೇಕೋ ಎಂದು ಆರಿಸುವ ಪ್ರಸಂಗವೇ ಕನ್ನಡಿಗರಿಗೆ ಬರುವುದಿಲ್ಲ. ಜೊತೆಗೆ ಇನ್ನೊಂದು ವಿಷಯ ನಮ್ಮ ಕಣ್ಣು ತಪ್ಪಿಸುತ್ತದೆ. ಮಾತಿನಲ್ಲಿ ನಾವು ನಿರ್ಜೀವ ವಸ್ತುಗಳ ‘ಅನ್ನು’ ಪ್ರತ್ಯಯವನ್ನು ಬಿಟ್ಟುಬಿಡುತ್ತೇವೆ. ‘ಕೈಯನ್ನು ತೊಳೆದುಕೊಂಡೆ’ ಎಂಬುದು ಬಾಯಲ್ಲಿ ‘ಕೈ ತೊಳ್ಕೊಂಡೆ’. ದ್ವಿತೀಯೆಯ ಸೀಟಿನಲ್ಲಿ ‘ಕೈ’ ಕೂತಿದೆ, ಆದರೆ ಗುರುತು ಕಾಣಿಸುವುದಿಲ್ಲ. ಸೀಟು ಖಾಲಿ ಇದೆ ಅಂದುಕೊಂಡು ಕಲಿಯುವವರು ‘ಮಿಶ್’ ಅನ್ನು ತಂದು ಕೂರಿಸುತ್ತಾರೆ: ‘ಇಶ್ ವಾಶೆ ಮಿಶ್ ಡೀ ಹೆಂಡೆ.’ ನೋಟ್‌ಬುಕ್‌ಗಳಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇದೇ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಕನ್ನಡ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಬಿಟ್ಟುಹೋದ ‘ಅನ್ನು’ವನ್ನು ಎಲ್ಲಾದರೂ ವಾಪಸ್ ಹಾಕಲು ಬರುತ್ತದಾ ನೋಡಿ. ‘ಹಲ್ಲನ್ನು ಉಜ್ಜಿಕೊಂಡೆ’ ಅನ್ನಬಹುದು, ಹಾಗಾಗಿ ‘ಮೀರ್’. ‘ಕೂತ್ಕೊಂಡೆ’ ಎಂಬಲ್ಲಿ ಅದನ್ನು ಹಾಕಲು ಜಾಗವೇ ಇಲ್ಲ, ಹಾಗಾಗಿ ‘ಮಿಶ್’. ಹಾಕಲು ಬಂದರೆ ಇನ್ನೊಂದು ಪ್ರಶ್ನೆ ಕೇಳಿ: ಆ ವಸ್ತು ಜರ್ಮನ್ ವಾಕ್ಯದಲ್ಲೂ ಬೇರೆ ಪದವಾಗಿ ನಿಂತಿದೆಯಾ, ಅಥವಾ ಕ್ರಿಯಾಪದದ ಒಳಗೇ ಕರಗಿದೆಯಾ? ಈ ಎರಡನೇ ಪ್ರಶ್ನೆ ಯಾಕೆ ಬೇಕು ಎಂಬುದು ಒಂದು ಬೆಳಗಿನ ದಿನಚರಿಯನ್ನೇ ಬರೆದರೆ ಗೊತ್ತಾಗುತ್ತದೆ.

ಕನ್ನಡದಲ್ಲಿ ಹೀಗಿದೆ ಎಂದುಕೊಳ್ಳೋಣ: ‘ಆರು ಗಂಟೆಗೆ ಏಳ್ತೀನಿ. ಹಲ್ಲುಜ್ಕೊಂಡು ಮುಖ ತೊಳ್ಕೊತೀನಿ. ಕಾಫಿ ಮಾಡ್ಕೊತೀನಿ. ಸ್ನಾನ ಮಾಡಿ ಬಟ್ಟೆ ಹಾಕ್ಕೊತೀನಿ. ಚಳಿ ಇದ್ರೆ ಸ್ವೆಟರ್ ಹಾಕ್ಕೊತೀನಿ. ತಲೆ ಬಾಚ್ಕೊಂಡು ಅವಸರದಲ್ಲಿ ಹೊರಡ್ತೀನಿ. ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊತೀನಿ.’

ಏಳುವುದರಿಂದ ಶುರು ಮಾಡೋಣ. ‘ಇಶ್ ಶ್ಟೇಯೆ ಉಮ್ ಜ಼ೆಕ್ಸ್ ಔಫ್.’ ಇಲ್ಲಿ ‘ಮಿಶ್’, ‘ಮೀರ್’ ಥರದ ಆತ್ಮಾರ್ಥಕ ಸರ್ವನಾಮವೇ ಬೇಡ. ಕನ್ನಡದಲ್ಲೂ ‘ಕೊ’ ಇಲ್ಲ. ಆದರೂ ದಿನಚರಿ ಪಾಠ ಓದಿದ ಹೊಸತರಲ್ಲಿ ಎಲ್ಲದಕ್ಕೂ ‘ಮಿಶ್’ ಸೇರಿಸುವ ಹುರುಪಿನಲ್ಲಿ ‘ಇಶ್ ಶ್ಟೇಯೆ ಮಿಶ್ ಔಫ್’ ಎಂದು ಬರೆಯುತ್ತಾರೆ. ಇದು ವಿಭಕ್ತಿಯ ತಪ್ಪಲ್ಲ, ಅತಿ ಉತ್ಸಾಹ.

ಹಲ್ಲು, ಮುಖ ಎರಡೂ ಹೆಸರಿಟ್ಟು ಹೇಳಿದ ಅಂಗಗಳು. ‘ಇಶ್ ಪುಟ್ಸೆ ಮೀರ್ ಡೀ ತ್ಸೇನೆ ಉಂಟ್ ವಾಶೆ ಮೀರ್ ಡಾಸ್ ಗೆಜ಼ಿಶ್ಟ್.’ ಹಲ್ಲುಜ್ಜುವುದಕ್ಕೆ ‘ಮಿಶ್’ ಬರುವ ಸಂದರ್ಭವೇ ಇಲ್ಲ, ಯಾಕೆಂದರೆ ಹಲ್ಲು ಎಂಬ ಪದ ಇಲ್ಲದೆ ಆ ವಾಕ್ಯವೇ ನಿಲ್ಲುವುದಿಲ್ಲ.

‘ಕಾಫಿ ಮಾಡ್ಕೊತೀನಿ’ ಅನ್ನುವುದಕ್ಕೆ ‘ಇಶ್ ಮಾಖೆ ಮೀರ್ ಐನೆನ್ ಕಫೇ’. ಇದು ನಮ್ಮ ಕಡೆಯವರಿಗೆ ಸುಲಭವಾಗಿ ಹತ್ತಬೇಕು. ‘ಕಾಫಿ ಮಾಡ್ದೆ’ ಅಂದರೆ ಯಾರಿಗೋ ಮಾಡಿದ್ದಿರಬಹುದು, ನೆಂಟರಿಗೂ ಇರಬಹುದು. ‘ಮಾಡ್ಕೊಂಡೆ’ ಅಂದಾಗ ಲೋಟ ನನ್ನ ಕೈಗೇ ಬಂತು. ಜರ್ಮನ್‌ನಲ್ಲೂ ‘ಮೀರ್’ ತೆಗೆದರೆ ವಾಕ್ಯ ತಪ್ಪಾಗುವುದಿಲ್ಲ, ಕಾಫಿ ಯಾರಿಗೆ ಎಂಬುದು ಮಾತ್ರ ಹೋಗುತ್ತದೆ. ಇಲ್ಲಿ ‘ಮಿಶ್’ ಹಾಕಿದರೆ ತಪ್ಪು, ಸೀಟಿನಲ್ಲಿ ಆಗಲೇ ಕಾಫಿ ಕೂತಿದೆ. ಅಂಗಡಿಯಲ್ಲಿ ‘ಒಂದು ಅಂಗಿ ತಗೊತೀನಿ’ ಅನ್ನುವುದಕ್ಕೂ ಹೀಗೇ: ‘ಇಶ್ ಕೌಫೆ ಮೀರ್ ಐನ್ ಹೆಮ್ಟ್.’

ಈಗ ಬಂತು ನೋಡಿ ತೊಡಕು. ‘ಸ್ನಾನ ಮಾಡಿ ಬಟ್ಟೆ ಹಾಕ್ಕೊತೀನಿ.’ ‘ಸ್ನಾನವನ್ನು’, ‘ಬಟ್ಟೆಯನ್ನು’ ಎಂದು ಎರಡೂ ಕಡೆ ‘ಅನ್ನು’ ಹಾಕಬಹುದು. ಮೊದಲ ಪರೀಕ್ಷೆ ಪ್ರಕಾರ ಎರಡೂ ‘ಮೀರ್’ ಆಗಬೇಕು. ಆದರೆ ಜರ್ಮನ್‌ನಲ್ಲಿ ‘ಸ್ನಾನ’ ಬೇರೆ ಪದವಲ್ಲ, ‘ಡುಶೆನ್’ ಎಂಬ ಕ್ರಿಯಾಪದದಲ್ಲೇ ಸೇರಿದೆ. ‘ಇಶ್ ಡುಶೆ’ ಅನ್ನಬಹುದು, ‘ಇಶ್ ಡುಶೆ ಮಿಶ್’ ಅಂತಲೂ ಅನ್ನಬಹುದು. ಬಟ್ಟೆಯ ಕತೆಯೂ ಅದೇ. ‘ಆನ್‌ತ್ಸೀಯೆನ್’ ಎಂಬುದಕ್ಕೆ ಬಟ್ಟೆ ತೊಡು ಎಂಬ ಅರ್ಥ ಮೊದಲೇ ಇದೆ. ಯಾವ ಬಟ್ಟೆ ಎಂದು ಹೇಳದೆ ಸುಮ್ಮನೆ ಬಟ್ಟೆ ಹಾಕಿಕೊಳ್ಳುವುದಾದರೆ ‘ಇಶ್ ತ್ಸೀಯೆ ಮಿಶ್ ಆನ್’. ಮುಂದಿನ ವಾಕ್ಯದಲ್ಲಿ ಸ್ವೆಟರ್ ಎಂದು ಹೆಸರು ಹೇಳಿದೆವು, ಕೂಡಲೇ ‘ವೆನ್ ಎಸ್ ಕಾಲ್ಟ್ ಇಸ್ಟ್, ತ್ಸೀಯೆ ಇಶ್ ಮೀರ್ ಐನೆನ್ ಪುಲೋವರ್ ಆನ್’. ಸ್ವೆಟರ್ ಸೀಟು ಹಿಡಿಯಿತು, ನಾನು ಚತುರ್ಥಿಗೆ ಹೋದೆ. ಬಟ್ಟೆಯ ವಿಷಯದಲ್ಲಿ ‘ಮೀರ್’ ಬಿಟ್ಟು ಬರೀ ‘ಐನೆನ್ ಪುಲೋವರ್ ಆನ್’ ಅಂದರೂ ನಡೆಯುತ್ತದೆ. ಆದರೆ ‘ಇಶ್ ತ್ಸೀಯೆ ಮೀರ್ ಆನ್’ ಎಂದು ಅರ್ಧಕ್ಕೆ ನಿಲ್ಲಿಸಿದರೆ ಕೇಳುವವರು ಕಾಯುತ್ತಾರೆ, ಏನು ಹಾಕ್ಕೊತೀಯಪ್ಪ ಎಂದು.

ತಲೆ ಬಾಚುವುದಕ್ಕೆ ಎರಡೂ ದಾರಿ ಇವೆ. ‘ಇಶ್ ಕೆಮೆ ಮಿಶ್’ ಅನ್ನಿ, ಇಲ್ಲ ಕೂದಲು ಸೇರಿಸಿ ‘ಇಶ್ ಕೆಮೆ ಮೀರ್ ಡೀ ಹಾರೆ’ ಅನ್ನಿ. (ಅವರ ‘ಹಾರೆ’ ಕೂದಲು, ಗುಂಡಿ ತೋಡಲು ತೋಟಕ್ಕೆ ಒಯ್ಯುವಂಥದ್ದಲ್ಲ.) ಎರಡನ್ನೂ ಬೆರೆಸಿ ‘ಮಿಶ್ ಡೀ ಹಾರೆ’ ಮಾಡಬಾರದು ಅಷ್ಟೆ. ಸಲೂನಿಗೆ ಹೋಗಿ ‘ಕಟಿಂಗ್ ಮಾಡಿಸ್ಕೊತೀನಿ’ ಅನ್ನುವಾಗಿನ ‘ಇಸು’ ಜರ್ಮನ್‌ನಲ್ಲಿ ‘ಲಾಸೆನ್’ ಆಗುತ್ತದೆ: ‘ಇಶ್ ಲಾಸೆ ಮೀರ್ ಡೀ ಹಾರೆ ಶ್ನೈಡೆನ್.’ ‘ಲಾಸೆ’ ಬಿಟ್ಟರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಹಿಡಿದಂತೆ ಆಗುತ್ತದೆ.

ಅವಸರಕ್ಕೆ ಕನ್ನಡದಲ್ಲಿ ‘ಕೊ’ ಇಲ್ಲ. ಜರ್ಮನ್‌ನ ‘ಬೆಐಲೆನ್’ ಮಾತ್ರ ಸರ್ವನಾಮ ಇಲ್ಲದೆ ಬಾಳುವುದೇ ಇಲ್ಲ. ‘ಇಶ್ ಮುಸ್ ಮಿಶ್ ಬೆಐಲೆನ್.’ ನಾವು ‘ಮಿಶ್’ ಮರೆಯುತ್ತೇವೆ, ಯಾಕೆಂದರೆ ನಮ್ಮ ಮಾತಿನಲ್ಲಿ ಅದನ್ನು ನೆನಪಿಸುವ ಗುರುತು ಏನೂ ಇಲ್ಲ. ಇಂಥವನ್ನು ಪಟ್ಟಿಯಲ್ಲಿ ‘ಬೆಐಲೆನ್’ ಎಂದು ಬರೆದುಕೊಳ್ಳದೆ ಸರ್ವನಾಮ ಸೇರಿಸಿ ‘ಜ಼ಿಶ್ ಬೆಐಲೆನ್’ ಎಂದೇ ಬರೆದುಕೊಳ್ಳಬೇಕು.

ಕೊನೆಗೆ ಬಸ್ಸು. ‘ಇಮ್ ಬುಸ್ ಜ಼ೆಟ್ಸೆ ಇಶ್ ಮಿಶ್ ಆನ್ಸ್ ಫೆನ್ಸ್ಟರ್.’ ಇಲ್ಲಿ ವಿಭಕ್ತಿಗಿಂತ ಹೆಚ್ಚಾಗಿ ಕ್ರಿಯಾಪದವೇ ತಪ್ಪುತ್ತದೆ. ನಮ್ಮ ‘ಕೂತ್ಕೋ’ ಎರಡು ಕೆಲಸ ಮಾಡುತ್ತದೆ. ‘ಕೂತ್ಕೊತೀನಿ’ ಅಂದರೆ ನಿಂತವರು ಈಗ ಕೂರುತ್ತಾರೆ, ‘ಕೂತ್ಕೊಂಡಿದ್ದೀನಿ’ ಅಂದರೆ ಆಗಲೇ ಕೂತಾಗಿದೆ. ಜರ್ಮನ್‌ನಲ್ಲಿ ಮೊದಲನೆಯದು ‘ಜ಼ೆಟ್ಸೆನ್’, ಅದಕ್ಕೆ ‘ಮಿಶ್’ ಬೇಕು. ಎರಡನೆಯದು ‘ಜ಼ಿಟ್ಸೆನ್’, ಅದಕ್ಕೆ ಏನೂ ಬೇಡ. ನಮ್ಮಲ್ಲಿ ಎರಡಕ್ಕೂ ‘ಕೊ’ ಇರುವುದರಿಂದ ‘ಇಶ್ ಜ಼ಿಟ್ಸೆ ಮಿಶ್’ ಎಂಬ ಮಿಶ್ರತಳಿ ಹುಟ್ಟಿಕೊಳ್ಳುತ್ತದೆ.

ಇದೇ ದಿನಚರಿಯನ್ನು ‘ನಿನ್ನೆ’ ಎಂದು ಬದಲಾಯಿಸಿ ಬರೆಯುವಾಗ ಈ ಆತ್ಮಾರ್ಥಕಗಳೆಲ್ಲ ‘ಹಾಬೆನ್’ ಎಂಬ ಸಹಾಯಕ ಕ್ರಿಯಾಪದವನ್ನು ತೆಗೆದುಕೊಳ್ಳುತ್ತವೆ: ‘ಇಶ್ ಹಾಬೆ ಮೀರ್ ಡೀ ಹೆಂಡೆ ಗೆವಾಶೆನ್’, ‘ಇಶ್ ಹಾಬೆ ಮಿಶ್ ಆನ್‌ಗೆತ್ಸೋಗೆನ್’. ಏಳುವುದು ಮಾತ್ರ ‘ಇಶ್ ಬಿನ್ ಔಫ್‌ಗೆಶ್ಟಾಂಡೆನ್’. ಮೊದಲ ವಾಕ್ಯದಲ್ಲೇ ‘ಬಿನ್’ ಬಂತೆಂದು ಕೆಳಗಿನ ಎಲ್ಲಕ್ಕೂ ಅದನ್ನೇ ಎಳೆದುಕೊಂಡು ಹೋಗಬೇಡಿ.

ಕನ್ನಡದ ಇನ್ನೊಂದು ಅಭ್ಯಾಸ ನಮ್ಮನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ಅನಿಸಿಕೆ, ಕಾಯಿಲೆಗಳ ಮಾತಿಗೆಲ್ಲ ನಾವು ‘ನನಗೆ’ ಎಂದು ಶುರು ಮಾಡುತ್ತೇವೆ: ನನಗೆ ಖುಷಿ ಆಯ್ತು, ನನಗೆ ನೆಗಡಿ ಆಗಿದೆ, ನನಗೆ ಬೇಜಾರಾಗ್ತಿದೆ, ನನಗೆ ಸಂಗೀತದಲ್ಲಿ ಆಸಕ್ತಿ. ‘ನನಗೆ’ ಎಂದರೆ ‘ಮೀರ್’ ಎಂದು ಕಲಿತವರ ಕೈ ತಾನಾಗಿ ‘ಇಶ್ ಫ್ರೊಯೆ ಮೀರ್’ ಎಂದು ಬರೆಯುತ್ತದೆ. ಸರಿಯಾದದ್ದು ‘ಇಶ್ ಫ್ರೊಯೆ ಮಿಶ್’, ‘ಇಶ್ ಹಾಬೆ ಮಿಶ್ ಎರ್‌ಕೆಲ್ಟೆಟ್’, ‘ಇಶ್ ಲಾಂಗ್‌ವೈಲೆ ಮಿಶ್’, ‘ಇಶ್ ಇಂಟೆರೆಸೀರೆ ಮಿಶ್ ಫ್ಯೂರ್ ಮುಜ಼ೀಕ್’. ನಾಲ್ಕೂ ‘ಮಿಶ್’. ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ಸಂಗೀತ ಎಂಬ ನಾಮಪದ ವಾಕ್ಯದಲ್ಲಿ ಇದೆಯಲ್ಲ, ಸೀಟು ಹೋಗಬೇಕಲ್ಲ ಅನ್ನಿಸಬಹುದು. ಅದು ‘ಫ್ಯೂರ್’ ಎಂಬ ಪದದ ಕೈ ಹಿಡಿದು ಬಂದಿದೆ, ಕ್ರಿಯಾಪದದ ಸೀಟಿಗೆ ಬಂದಿಲ್ಲ. ಹಾಗಾಗಿ ಎಣಿಸಬೇಕಾದದ್ದು ಪಕ್ಕದಲ್ಲಿ ಇಂಥ ಪದ ಇಲ್ಲದೆ ಒಂಟಿಯಾಗಿ ನಿಂತ ನಾಮಪದವನ್ನು ಮಾತ್ರ. ಹಾಗಂತ ‘ನನಗೆ ಚಳಿ ಆಗ್ತಿದೆ’ ಮಾತ್ರ ನಿಜಕ್ಕೂ ‘ಮೀರ್ ಇಸ್ಟ್ ಕಾಲ್ಟ್’. ಅಲ್ಲಿ ‘ಇಶ್’ ಇಲ್ಲ, ಆದ್ದರಿಂದ ಅದು ಆತ್ಮಾರ್ಥಕವೂ ಅಲ್ಲ. ‘ಇಶ್’ ಇದ್ದರೆ ಕನ್ನಡದ ‘ನನಗೆ’ಯನ್ನು ಮರೆತುಬಿಡಿ.

ಎ1 ಮೌಖಿಕ ಪರೀಕ್ಷೆಗೆ ಹೋಗುವವರು ಒಂದು ಜೋಡಿಯನ್ನು ಬೇರೆಯಾಗಿಯೇ ಬಾಯಿಗೆ ಕೂರಿಸಿಕೊಳ್ಳಬೇಕು, ಯಾಕೆಂದರೆ ಆ ಪರೀಕ್ಷೆ ಶುರುವಾಗುವುದೇ ಪರಿಚಯ ಹೇಳಿಕೊಳ್ಳುವುದರಿಂದ. ‘ಇಶ್ ಶ್ಟೆಲೆ ಮಿಶ್ ಫೋರ್’ ಅಂದರೆ ನನ್ನ ಪರಿಚಯ ಮಾಡಿಕೊಡುತ್ತೇನೆ. ‘ಇಶ್ ಶ್ಟೆಲೆ ಮೀರ್ ... ಫೋರ್’ ಅಂದರೆ ಏನನ್ನೋ ಕಲ್ಪಿಸಿಕೊಳ್ಳುತ್ತೇನೆ. ಇಲ್ಲಿ ವಿಭಕ್ತಿ ಬದಲಾದರೆ ವಾಕ್ಯ ಒರಟಾಗುವುದಷ್ಟೇ ಅಲ್ಲ, ಅರ್ಥವೇ ಬೇರೆ. ತರ್ಕ ಮಾತ್ರ ಹಳೆಯದೇ. ಪರಿಚಯದಲ್ಲಿ ಮುಂದಿಡುವ ವಸ್ತು ನಾನೇ. ಕಲ್ಪನೆಯಲ್ಲಿ ಮುಂದಿಡುವುದು ಬೇರೊಂದು ಚಿತ್ರ, ಅದನ್ನು ಇಟ್ಟುಕೊಳ್ಳುವುದು ನನ್ನ ಮುಂದೆ.

ಮೇಲಿನ ಉದಾಹರಣೆಗಳೆಲ್ಲ ‘ನಾನು’ ಇಟ್ಟುಕೊಂಡು ಬರೆದದ್ದಕ್ಕೆ ಕಾರಣ ಇದೆ. ವ್ಯತ್ಯಾಸ ಕಾಣುವುದು ‘ನಾನು’ ಮತ್ತು ‘ನೀನು’ಗಳಲ್ಲಿ ಮಾತ್ರ: ಮಿಶ್, ಮೀರ್, ಡಿಶ್, ಡೀರ್. ನಾವು ಎಂಬುದಕ್ಕೆ ಎರಡೂ ಕಡೆ ‘ಉನ್ಸ್’, ನೀವೆಲ್ಲ ಎಂಬುದಕ್ಕೆ ‘ಒಯ್ಶ್’, ಅವನು, ಅವಳು, ಅವರು ಮತ್ತು ಗೌರವದ ‘ನೀವು’ ಎಲ್ಲಕ್ಕೂ ‘ಜ಼ಿಶ್’. ತಮಾಷೆ ಎಂದರೆ ಕನ್ನಡದಲ್ಲಿ ‘ತನ್ನನ್ನು’, ‘ತನಗೆ’ ಎಂದು ನಾವು ಬೇರೆ ಮಾಡುವ ಜಾಗದಲ್ಲೇ ಅವರು ಬೇರೆ ಮಾಡುವುದಿಲ್ಲ. ಹಾಗಾಗಿ ‘ಎರ್ ವೆಶ್ಟ್ ಜ಼ಿಶ್’ ಎಂದು ನೂರು ವಾಕ್ಯ ಬರೆದರೂ ವಿಭಕ್ತಿ ತಿಳಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ, ತಪ್ಪು ಒಳಗೇ ಅಡಗಿರುತ್ತದೆ. ಅಭ್ಯಾಸಕ್ಕೆ ‘ನಾನು’ ಇರಲಿ, ಇಲ್ಲವೇ ಮಗುವಿಗೆ ಹೇಳುವ ಮಾತು ಇರಲಿ: ‘ತ್ಸೀ ಡಿಶ್ ಆನ್’, ‘ಪುಟ್ಸ್ ಡೀರ್ ಡೀ ತ್ಸೇನೆ’, ‘ಬೆಐಲ್ ಡಿಶ್’.

ವಾರ್ಡಿನಲ್ಲಿ ರೋಗಿಗಳ ಜೊತೆ ‘ಜ಼ೆಟ್ಸೆನ್ ಜ಼ೀ ಜ಼ಿಶ್ ಬಿಟೆ’ ಎಂದು ಮಾತಾಡುವಾಗ ‘ಜ಼ಿಶ್’ ಒಂದೇ ಸಾಕು, ಅಲ್ಲಿ ಬಚಾವು. ಆದರೆ ರೋಗಿಯನ್ನು ನೀವು ತೊಳೆಯುವಾಗ ಅದೇ ಲೆಕ್ಕ ಮತ್ತೆ ಬರುತ್ತದೆ. ‘ಇಶ್ ವಾಶೆ ಡೇನ್ ಪತ್ಸಿಯೆಂಟೆನ್’ ಅಂದರೆ ರೋಗಿಗೆ ಮೈ ತೊಳೆಸುತ್ತೇನೆ, ‘ಡೇನ್’ ದ್ವಿತೀಯೆ. ಬೆನ್ನು ಮಾತ್ರ ಎಂದರೆ ‘ಇಶ್ ವಾಶೆ ಡೇಮ್ ಪತ್ಸಿಯೆಂಟೆನ್ ಡೇನ್ ರ್ಯೂಕೆನ್’. ಬೆನ್ನು ದ್ವಿತೀಯೆಗೆ ಬಂತು, ರೋಗಿ ‘ಡೇಮ್’ ಆಗಿ ಚತುರ್ಥಿಗೆ ಸರಿದರು. ಕನ್ನಡದಲ್ಲಿ ನಾವು ‘ರೋಗಿಯ ಬೆನ್ನು’ ಎಂದು ಷಷ್ಠಿ ಬಳಸುವುದರಿಂದ ಇಲ್ಲಿ ‘ಕೊ’ದ ಸಹಾಯ ಸಿಗುವುದಿಲ್ಲ. ‘ಮಿಶ್, ಮೀರ್’ ಗಟ್ಟಿ ಇದ್ದವರಿಗೆ ‘ಡೇನ್, ಡೇಮ್’ ಹೊಸ ನಿಯಮ ಅನ್ನಿಸುವುದಿಲ್ಲ.

ಸೀಟಿನ ಲೆಕ್ಕಕ್ಕೆ ಸಿಗದ ಕೆಲವು ಇವೆ. ‘ಪೆಟ್ಟು ಮಾಡ್ಕೊಂಡೆ’ ಅನ್ನುವುದಕ್ಕೆ ‘ಇಶ್ ಹಾಬೆ ಮೀರ್ ವೇಗೆಟಾನ್’. ಒಂಟಿ ನಾಮಪದ ಯಾವುದೂ ಇಲ್ಲ, ಆದರೂ ‘ಮೀರ್’, ಯಾಕೆಂದರೆ ‘ವೇಟೂನ್’ ಸದಾ ಚತುರ್ಥಿಯನ್ನೇ ಕೇಳುವ ಕ್ರಿಯಾಪದ. ಬೇರೆಯವರಿಗೆ ನೋವು ಮಾಡಿದರೂ ಹಾಗೇ. ಅದೇ ಅರ್ಥದ ‘ಫೆರ್‌ಲೆಟ್ಸೆನ್’ ಮಾತ್ರ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತದೆ: ಸುಮ್ಮನೆ ಗಾಯವಾದರೆ ‘ಮಿಶ್’, ಕೈಗೆ ಗಾಯ ಎಂದು ಕೈಯನ್ನು ಹೆಸರಿಸಿದರೆ ‘ಮೀರ್ ಡೀ ಹಾಂಟ್’. ಇನ್ನು ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ‘ಇಶ್ ಹಾಬೆ ಮಿಶ್ ಇನ್ ಡೇನ್ ಫಿಂಗರ್ ಗೆಶ್ನಿಟೆನ್’. ಬೆರಳು ‘ಇನ್’ ಜೊತೆ ಬಂದಿರುವುದರಿಂದ ಸೀಟು ಖಾಲಿ, ಹಾಗಾಗಿ ‘ಮಿಶ್’. ಆದರೆ ಈ ವಾಕ್ಯದಲ್ಲಿ ಜರ್ಮನರು ‘ಮೀರ್’ ಅಂತಲೂ ಅನ್ನುತ್ತಾರೆ, ಅದಕ್ಕೆ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ.